ಜಲಾಶಯದ ಅಂಕಿ ಜಿಗಿದಾಗ



ಮಳೆಗಾಲ ಬಂತೆಂದರೆ ಮಂಡ್ಯ, ಮೈಸೂರು ಕಡೆಯವರು ಪತ್ರಿಕೆ ಬಿಡಿಸಿದೊಡನೆ ಹುಡುಕುವುದು ಕೆಆರ್‌ಎಸ್ ಮಟ್ಟವನ್ನು. ಬಳ್ಳಾರಿ, ಕೊಪ್ಪಳ, ರಾಯಚೂರಿನವರು ತುಂಗಭದ್ರಾ ಎಷ್ಟಿದೆ ಎಂದು ನೋಡುತ್ತಾರೆ. ಗದ್ದೆಗೆ ನಾಟಿ ಹಾಕಬೇಕೇ, ಇನ್ನೊಂದು ವಾರ ಕಾಯಬೇಕೇ, ನಾಲೆಗೆ ನೀರು ಯಾವಾಗ ಎಂಬ ಮಾತೆಲ್ಲ ಆ ಪುಟ್ಟ ಚೌಕದ ನಾಲ್ಕು ಅಂಕಿಗಳ ಮೇಲೆ ನಿಂತಿರುತ್ತದೆ. ಮಟ್ಟ, ಸಂಗ್ರಹ, ಒಳಹರಿವು, ಹೊರಹರಿವು. ಈಗ ಅದೇ ಚೌಕ ಫೋನಿಗೆ, ಕಚೇರಿಯ ಪರದೆಗೆ ಬಂದಿದೆ. ಎಲ್ಲಿಂದಲೋ ಅಂಕಿಗಳು ತಾವಾಗಿಯೇ ಬಂದು ಕೂರುತ್ತವೆ. ಹಳೆಯದು ಮಾಯವಾಗಿ ಹೊಸದು ಕಾಣುತ್ತದೆ. ಹೊಸದು ಸರಿಯೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ.

ಹಿಂದೆ ಕೇಳುವವರೊಬ್ಬರು ಇದ್ದರು. ಪತ್ರಿಕಾಲಯದ ಉಪಸಂಪಾದಕರು ನಿನ್ನೆಯ ಪುಟವನ್ನು ಪಕ್ಕದಲ್ಲಿಟ್ಟುಕೊಂಡು, "ನಿನ್ನೆ ನೂರ ಆರು ಅಡಿ ಇದ್ದದ್ದು ಇವತ್ತು ನೂರೆರಡು ಆಗುವುದು ಹೇಗೆ?" ಎಂದು ವರದಿಗಾರನಿಗೆ ಫೋನ್ ಹಚ್ಚುತ್ತಿದ್ದರು. ಆ ಪ್ರಶ್ನೆಯನ್ನು ಪರದೆಯೇ ಕೇಳುವಂತೆ ಮಾಡುವುದು ಹೇಗೆ ಎಂಬುದು ನನ್ನ ಇಂದಿನ ವಿಷಯ. ಹೊಸ ಅಂಕಿ ಬಂದಾಗಲೆಲ್ಲ ಅದನ್ನು ಇತ್ತೀಚಿನ ದಿನಗಳ ಸರಾಸರಿಯೊಂದಿಗೆ ಹೋಲಿಸಿ, ತೀರಾ ಜಿಗಿದಿದ್ದರೆ ಅಲ್ಲೇ, ಆ ಅಂಕಿಯ ಪಕ್ಕದಲ್ಲೇ, ಒಂದು ಗುರುತು ಹಾಕುವುದು. ಕೇಳಲು ಅರ್ಧ ಗಂಟೆಯ ಕೆಲಸ. ಆದರೆ ಸುಮ್ಮನೆ ಮಾಡಿದರೆ ಇದು ನಿಜವಾದ ಅಂಕಿಯ ಮೇಲೆ ಅನುಮಾನಪಟ್ಟು ಸುಳ್ಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ಅದು ಹೇಗೆಂದು ಒಂದು ಉದಾಹರಣೆಯಿಂದಲೇ ತೋರಿಸುತ್ತೇನೆ.

ಕಾವೇರಿ ಕಣಿವೆಯ ಒಂದು ಜಲಾಶಯ ಎಂದಿಟ್ಟುಕೊಳ್ಳಿ. ಅಂಕಿಗಳು ನಾನು ಕಲ್ಪಿಸಿದವು, ಲೆಕ್ಕ ಮಾತ್ರ ನಿಜದ್ದು. ಜುಲೈ ತಿಂಗಳು, ಕೊಡಗಿನಲ್ಲಿ ಮಳೆ ಹಿಡಿದಿದೆ, ನೀರು ಏರುತ್ತಿದೆ. ಎಂಟು ದಿನಗಳ ಬೆಳಗಿನ ಮಟ್ಟ ಅಡಿಗಳಲ್ಲಿ ಹೀಗಿದೆ: 98.2, 99.0, 100.1, 101.4, 102.6, 104.1, 105.3, 106.4. ಒಂಬತ್ತನೆಯ ದಿನದ ನಿಜವಾದ ಮಟ್ಟ 107.2. ಟೈಪ್ ಮಾಡುವವರ ಕೈ ತಪ್ಪಿ 7 ಮತ್ತು 2 ಸ್ಥಾನ ಬದಲಿಸಿಕೊಂಡು 102.7 ಎಂದು ಹೋಗಿದೆ. ಇಂಥ ತಪ್ಪು ತೀರಾ ಸಾಮಾನ್ಯ. ಅಂಕಿ ನೋಡಲು ಸಹಜವಾಗಿಯೇ ಇದೆ. ಜಲಾಶಯದ ಗರಿಷ್ಠ ಮಟ್ಟವನ್ನು ಮೀರಿಲ್ಲ, ತಳವನ್ನೂ ಮುಟ್ಟಿಲ್ಲ.

ಈಗ ನಮ್ಮ ಡ್ಯಾಶ್‌ಬೋರ್ಡು ಹಿಂದಿನ ಏಳು ದಿನಗಳ ಸರಾಸರಿ ತೆಗೆಯುತ್ತದೆ. 99.0ರಿಂದ 106.4ರವರೆಗಿನ ಏಳನ್ನು ಕೂಡಿದರೆ 718.9, ಏಳರಿಂದ ಭಾಗಿಸಿದರೆ 102.7. ಅಂದರೆ ತಪ್ಪು ಅಂಕಿ ಸರಾಸರಿಯ ಮೇಲೆ ಕೂದಲೆಳೆಯಷ್ಟೂ ಆಚೀಚೆಯಿಲ್ಲದೆ ಬಂದು ಕೂತಿದೆ! ಇನ್ನು ಸರಿಯಾದ 107.2 ಬಂದಿದ್ದರೆ ಅದು ಸರಾಸರಿಯಿಂದ 4.5 ಅಡಿ ದೂರ ಇರುತ್ತಿತ್ತು. ಈ ಏಳು ದಿನಗಳ ಮಾನಕ ವಿಚಲನೆ, ಅಂದರೆ ಅಂಕಿಗಳು ಸರಾಸರಿಯ ಸುತ್ತ ಸಾಮಾನ್ಯವಾಗಿ ಎಷ್ಟು ಚದುರಿವೆ ಎಂಬ ಅಳತೆ, ಸುಮಾರು 2.7 ಅಡಿ. ಆ ಲೆಕ್ಕದಲ್ಲಿ ಸರಿಯಾದ ಅಂಕಿ ಒಂದೂವರೆ ವಿಚಲನೆಗಿಂತ ಹೆಚ್ಚು ದೂರ, ತಪ್ಪು ಅಂಕಿಯ ದೂರ ಸೊನ್ನೆ. ಗುರುತು ಹಾಕುವ ಮಿತಿಯನ್ನು ಬಿಗಿ ಮಾಡಿದರೆ ಅದು ಬೀಳುವುದು ನಿಜಕ್ಕೇ ಹೊರತು ಸುಳ್ಳಿಗಲ್ಲ.

ಕಾರಣ ಸ್ಪಷ್ಟ. ಏರುತ್ತಿರುವ ನೀರಿನ ಏಳು ದಿನದ ಸರಾಸರಿ ಎಂದರೆ ನಾಲ್ಕು ದಿನ ಹಿಂದಿನ ನೀರು. ಮಳೆಗಾಲದ ಪ್ರವಾಹದಲ್ಲಿ ನಾಲ್ಕು ದಿನ ಹಿಂದಿನ ಮಟ್ಟ ಇವತ್ತಿನದಕ್ಕೆ ಅಳತೆಗೋಲಾಗಲಾರದು. ಬೇಸಿಗೆಯಲ್ಲಿ, ದಿನಕ್ಕೆ ಒಂದೆರಡು ಅಂಗುಲ ಇಳಿಯುವಾಗ, ಆ ಕೋಲು ನಡೆಯುತ್ತದೆ. ಬೇಸಿಗೆಯಲ್ಲಿ ಬರೆದು, ಪರೀಕ್ಷಿಸಿ, ಚೆನ್ನಾಗಿದೆ ಎಂದು ಬೀಗಿದ ಸೂತ್ರ ಮಳೆಗಾಲದಲ್ಲಿ ಕೈಕೊಡುವುದು ಇದಕ್ಕೇ.

ಹಾಗಾದರೆ ಏನನ್ನು ಹೋಲಿಸಬೇಕು? ಮಟ್ಟವನ್ನಲ್ಲ, ಮಟ್ಟದ ದಿನದಿನದ ಬದಲಾವಣೆಯನ್ನು. ನಮ್ಮ ಉದಾಹರಣೆಯಲ್ಲಿ ನೀರು ದಿನಕ್ಕೆ ಏರಿದ್ದು 0.8, 1.1, 1.3, 1.2, 1.5, 1.2, 1.1 ಅಡಿ. ಈ ಸಾಲನ್ನು ನೋಡಿದವರಿಗೆ ನಾಳೆ ಸುಮಾರು ಒಂದಡಿ ಏರಬಹುದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. 107.2 ಬಂದರೆ ಏರಿಕೆ 0.8 ಅಡಿ, ಸಾಲಿನೊಳಗೇ ಇದೆ. 102.7 ಬಂದರೆ 3.7 ಅಡಿ ಇಳಿಕೆ. ಮಳೆ ಹಿಡಿದ ಜುಲೈನಲ್ಲಿ ಗೇಟು ತೆರೆಯದೆ ಒಂದೇ ರಾತ್ರಿಗೆ ಅಷ್ಟು ಇಳಿಯುವುದುಂಟೇ?

ಇನ್ನು ಸರಾಸರಿಯ ವಿಚಾರ. ಮಾಮೂಲಿ ಸರಾಸರಿಗೆ ಒಂದು ದೌರ್ಬಲ್ಯವಿದೆ. ನಿನ್ನೆ ಒಂದು ಕೆಟ್ಟ ಅಂಕಿ ಒಳಗೆ ಬಂದಿದ್ದರೆ ಇವತ್ತಿನ ಸರಾಸರಿ ಅದರ ಕಡೆಗೆ ವಾಲಿರುತ್ತದೆ, ಮಾನಕ ವಿಚಲನೆ ಉಬ್ಬಿರುತ್ತದೆ. ಉಬ್ಬಿದ ಅಳತೆಯಲ್ಲಿ ಮುಂದಿನ ತಪ್ಪು ಚಿಕ್ಕದಾಗಿ ಕಂಡು ಪಾರಾಗುತ್ತದೆ. ಅದಕ್ಕೇ ಮಧ್ಯಾಂಕವನ್ನು ಬಳಸುವುದು ಒಳ್ಳೆಯದು. ಏಳು ಅಂಕಿಗಳನ್ನು ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದರೆ ನಟ್ಟನಡುವೆ ಬರುವ ನಾಲ್ಕನೆಯದೇ ಮಧ್ಯಾಂಕ. ಕೊನೆಯದು ಒಂದೂವರೆ ಅಡಿಯಿರಲಿ ಒಂದೂವರೆ ಸಾವಿರ ಅಡಿಯಿರಲಿ, ನಡುವಿನದು ಅಲುಗುವುದಿಲ್ಲ. ಚದುರುವಿಕೆಯನ್ನೂ ಹೀಗೆಯೇ ಅಳೆಯಬಹುದು. ಪ್ರತಿ ಬದಲಾವಣೆಯೂ ಮಧ್ಯಾಂಕದಿಂದ ಎಷ್ಟು ದೂರ ಎಂದು ಬರೆದುಕೊಂಡು ಆ ದೂರಗಳ ಮಧ್ಯಾಂಕವನ್ನು ತೆಗೆಯುವುದು. ಅದನ್ನು 1.4826ರಿಂದ ಗುಣಿಸಿದರೆ, ಅಂಕಿಗಳು ಮಾಮೂಲಿ ಗಂಟೆಯಾಕಾರದಲ್ಲಿ ಹರಡಿದ್ದರೆ, ಮಾನಕ ವಿಚಲನೆಗೆ ಸಮವಾಗುತ್ತದೆ.

ನಮ್ಮ ಏಳು ಏರಿಕೆಗಳ ಮಧ್ಯಾಂಕ 1.2 ಅಡಿ. ಅದರಿಂದ ದೂರಗಳು 0.4, 0.1, 0.1, 0, 0.3, 0, 0.1. ಅವುಗಳ ಮಧ್ಯಾಂಕ 0.1, ಗುಣಿಸಿದ ಮೇಲೆ 0.15 ಅಡಿ. ಇದು ಎರಡು ಅಂಗುಲಕ್ಕಿಂತ ಕಡಿಮೆ. ಅಲೆಯೆದ್ದ ದಿನ ಅಡಿಪಟ್ಟಿಯನ್ನು ಓದುವ ಕಣ್ಣು ಅಷ್ಟು ತಪ್ಪುವುದು ಸಹಜ. ಆದ್ದರಿಂದ ಅಳತೆ 0.2 ಅಡಿಗಿಂತ ಕೆಳಗಿಳಿಯಬಾರದು ಎಂದು ಒಂದು ತಳ ಕಟ್ಟಬೇಕು. ಮಿತಿಯನ್ನು ಅದರ ನಾಲ್ಕು ಪಟ್ಟು ಎಂದಿಟ್ಟರೆ 0.8 ಅಡಿ. ಅಂದರೆ ಇವತ್ತಿನ ಏರಿಕೆ 0.4ರಿಂದ 2.0 ಅಡಿಯೊಳಗೆ ಇದ್ದರೆ ಪರದೆ ಸುಮ್ಮನಿರುತ್ತದೆ, ಹೊರಗೆ ಹೋದರೆ ಗುರುತು ಹಾಕುತ್ತದೆ. ಗೂಗಲ್ ಶೀಟಿನಲ್ಲಿ ಮೊದಲ ಸಾಲು ಶೀರ್ಷಿಕೆ, A ಕಂಬದಲ್ಲಿ ದಿನಾಂಕ, B ಕಂಬದಲ್ಲಿ ಎರಡನೆಯ ಸಾಲಿನಿಂದ ಮಟ್ಟ, C ಕಂಬದಲ್ಲಿ ಮೂರನೆಯ ಸಾಲಿನಿಂದ ಹಿಂದಿನ ದಿನಕ್ಕಿಂತ ಆದ ಬದಲಾವಣೆ ಇದ್ದರೆ, ಒಂಬತ್ತನೆಯ ದಿನಕ್ಕೆ ಇಷ್ಟೇ ಸಾಕು:

```
C10: =B10-B9
D10: =MEDIAN(C3:C9)
E10: =MAX(0.2, 1.4826*MEDIAN(ARRAYFORMULA(ABS(C3:C9-D10))))
F10: =IF(ABS(C10-D10)>4*E10, "ನೋಡಿ", "")
```

ಇಲ್ಲಿ ಕಣ್ಣಿಟ್ಟು ನೋಡಬೇಕಾದ ಒಂದು ಸಂಗತಿ ಇದೆ. D10 ಮತ್ತು E10 ಎರಡೂ C9ಕ್ಕೆ ನಿಂತಿವೆ, C10ಕ್ಕೆ ಹೋಗಿಲ್ಲ. ಇವತ್ತಿನ ಅಂಕಿಯನ್ನು ಅಳೆಯುವ ಕೋಲಿನಲ್ಲಿ ಇವತ್ತಿನ ಅಂಕಿಯೇ ಸೇರಿರಬಾರದು. ಆರೋಪಿಯನ್ನೇ ನ್ಯಾಯಪೀಠದಲ್ಲಿ ಕೂರಿಸಿದರೆ ಎಂಥ ತೀರ್ಪು ಬರುತ್ತದೆಂದು ಹೇಳಬೇಕಾಗಿಲ್ಲ. ಅನೇಕ ಡ್ಯಾಶ್‌ಬೋರ್ಡುಗಳಲ್ಲಿ "ಕಳೆದ 7 ದಿನಗಳ ಸರಾಸರಿ" ಎಂಬುದರಲ್ಲಿ ಇವತ್ತೂ ಸೇರಿರುತ್ತದೆ. ಅದರ ಮೇಲೆ, ಪಠ್ಯಪುಸ್ತಕದಲ್ಲಿ ಹೇಳಿದೆ ಎಂದು, ಮೂರು ಮಾನಕ ವಿಚಲನೆಯ ಮಿತಿ ಇಟ್ಟಿರುತ್ತಾರೆ. ಆ ಗುರುತು ಎಂದೆಂದಿಗೂ ಬೀಳುವುದಿಲ್ಲ. ಬೀಳುವುದು ಅಪರೂಪ ಎಂದಲ್ಲ, ಗಣಿತದ ಪ್ರಕಾರ ಬೀಳಲು ಸಾಧ್ಯವೇ ಇಲ್ಲ. ಆರು ದಿನ ಒಂದೇ ಅಂಕಿ ಇದ್ದು ಏಳನೆಯ ದಿನ ಅದು ಹತ್ತು ಪಟ್ಟಾಗಲಿ, ಕೋಟಿ ಪಟ್ಟಾಗಲಿ, ಏಳರೊಳಗೆ ತಾನೂ ಸೇರಿದ್ದರೆ ಅದರ ದೂರ 2.27 ಮಾನಕ ವಿಚಲನೆಯನ್ನು ದಾಟುವುದಿಲ್ಲ. ಆರನ್ನು ಏಳರ ವರ್ಗಮೂಲದಿಂದ ಭಾಗಿಸಿ ನೋಡಿ. ಅಂಕಿ ದೊಡ್ಡದಾದಷ್ಟೂ ಅದೇ ವಿಚಲನೆಯನ್ನು ಉಬ್ಬಿಸಿ ತನ್ನನ್ನು ಮರೆಮಾಡಿಕೊಳ್ಳುತ್ತದೆ. ಮೂರರ ಗಡಿ ದಾಟಬೇಕಾದರೆ ಕಡೇಪಕ್ಷ ಹನ್ನೊಂದು ಅಂಕಿಗಳಿರಬೇಕು. ವರ್ಷವಿಡೀ ಒಂದೂ ಗುರುತು ಬಿದ್ದಿಲ್ಲವೆಂದು "ನಮ್ಮ ದತ್ತಾಂಶ ಬಹಳ ಶುದ್ಧ" ಎನ್ನುವವರು ಮೊದಲು ಈ ಸೂತ್ರವನ್ನು ತೆಗೆದು ನೋಡುವುದು ಲೇಸು.

ಇದರ ತಮ್ಮನಂಥ ಇನ್ನೊಂದು ಗುಂಡಿ. ಪರದೆ ಗಂಟೆಗೊಮ್ಮೆ ಹೊಸದಾಗುತ್ತದೆ, ಆದರೆ ಮೂಲದಲ್ಲಿ ಅಂಕಿ ಬದಲಾಗುವುದು ದಿನಕ್ಕೊಮ್ಮೆ ಬೆಳಿಗ್ಗೆ. "ಕಳೆದ ಏಳು ಬಾರಿ ಬಂದ ಅಂಕಿ" ಎಂದು ಲೆಕ್ಕ ಹಾಕಿದರೆ ಬೆಳಗಿನ ಒಂದೇ ಅಂಕಿ ಏಳು ಸಲ ಬಂದಿರುತ್ತದೆ. ಚದುರುವಿಕೆ ಸೊನ್ನೆ. ಮರುದಿನ ಬೆಳಿಗ್ಗೆ ಹತ್ತನೇ ಒಂದಡಿ ಏರಿದರೂ ಪರದೆ ಕೆಂಪಾಗುತ್ತದೆ, ಎರಡು ಗಂಟೆ ಕಳೆದರೆ ತಾನಾಗಿ ಆರುತ್ತದೆ. ಇಂಥದ್ದನ್ನು ಒಂದು ವಾರ ನೋಡಿದವರು ಮತ್ತೆ ಆ ಕೆಂಪನ್ನು ನಂಬುವುದಿಲ್ಲ. ಅಂಕಿಯನ್ನು ಕೂಡಿಡಬೇಕಾದದ್ದು ನಾವು ತಂದ ವೇಳೆಗೆ ಅನುಸಾರವಾಗಿ ಅಲ್ಲ, ಅಳತೆ ತೆಗೆದ ದಿನಾಂಕಕ್ಕೆ ಅನುಸಾರವಾಗಿ. ಒಂದು ದಿನಕ್ಕೆ ಒಂದೇ ಸಾಲು. ನಡುವೆ ಭಾನುವಾರವೋ ಹಬ್ಬವೋ ಬಂದು ಒಂದು ದಿನ ತಪ್ಪಿದ್ದರೆ ಎರಡು ದಿನದ ಬದಲಾವಣೆಯನ್ನು ಎರಡರಿಂದ ಭಾಗಿಸಿ ಹೋಲಿಸಬೇಕು. ಇಲ್ಲದಿದ್ದರೆ ಹಬ್ಬದ ಮರುದಿನವೆಲ್ಲ ಗುರುತು ಬೀಳುತ್ತದೆ. ಅಂಕಿಯೇ ಬಾರದೆ ನಿನ್ನೆಯದೇ ನಿಂತಿದ್ದರೆ ಜಿಗಿತದ ಪರೀಕ್ಷೆಗೆ ಅದು ಪರಮ ಸಾಧು. ಅದಕ್ಕೆ ಬೇರೆಯದೇ ಗುರುತು ಬೇಕು, "ಈ ಅಂಕಿ ಎರಡು ದಿನ ಹಳೆಯದು" ಎಂದು.

ಮತ್ತೆ ನಮ್ಮ 102.7ಕ್ಕೆ ಬರೋಣ. ಗುರುತು ಬಿತ್ತು. ಮುಂದೇನು? ಗುರುತು ಹೇಳುವುದು ಇದು ಅಪರೂಪ ಎಂದಷ್ಟೇ, ತಪ್ಪು ಎಂದಲ್ಲ. ಅಪರೂಪವಾದದ್ದು ನಿಜವೋ ಸುಳ್ಳೋ ಎಂದು ತೀರ್ಮಾನಿಸಲು ಜಲಾಶಯದ ವಿಷಯದಲ್ಲಿ ನಮಗೆ ಒಂದು ಭಾಗ್ಯವಿದೆ. ನೀರು ಲೆಕ್ಕ ತಪ್ಪುವುದಿಲ್ಲ. ಒಳಗೆ ಬಂದದ್ದರಲ್ಲಿ ಹೊರಗೆ ಹೋದದ್ದನ್ನು ಕಳೆದರೆ ಸಂಗ್ರಹದ ವ್ಯತ್ಯಾಸ ಸಿಗಬೇಕು. ಇದಕ್ಕೆ ಒಂದೇ ಒಂದು ಸಂಖ್ಯೆ ನೆನಪಿದ್ದರೆ ಸಾಕು, 11,574. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ. ದಿನಕ್ಕೆ 86,400 ಸೆಕೆಂಡು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ನೂರು ಕೋಟಿಯನ್ನು 86,400ರಿಂದ ಭಾಗಿಸಿದರೆ 11,574. ಅಂದರೆ 11,574 ಕ್ಯುಸೆಕ್ ನೀರು ಇಡೀ ದಿನ ಹರಿದರೆ ಒಂದು ಟಿಎಂಸಿ.

ನಮ್ಮ ಕಲ್ಪನೆಯ ಜಲಾಶಯದಲ್ಲಿ ಈ ಮಟ್ಟದ ಆಸುಪಾಸು ಒಂದಡಿಗೆ ಒಂದು ಟಿಎಂಸಿ ಹಿಡಿಯುತ್ತದೆ ಎಂದುಕೊಳ್ಳೋಣ. 3.7 ಅಡಿ ಇಳಿಯಬೇಕಾದರೆ 3.7 ಟಿಎಂಸಿ ಹೊರಗೆ ಹೋಗಬೇಕು. ಅಂದರೆ ಬಂದದ್ದನ್ನೆಲ್ಲ ಬಿಟ್ಟು, ಅದರ ಮೇಲೆ ದಿನವಿಡೀ 42,800 ಕ್ಯುಸೆಕ್ ಹೊರಬಿಡಬೇಕು. ಪಕ್ಕದ ಕಂಬದಲ್ಲಿ ಹೊರಹರಿವು ನೋಡಿದರೆ ನಾಲೆಗೆ ಬಿಟ್ಟ 3,000 ಕ್ಯುಸೆಕ್ ಮಾತ್ರ ಇದೆ. ಅಲ್ಲಿಗೆ ಮುಗಿಯಿತು. ನಿಯಂತ್ರಣ ಕೊಠಡಿಗೆ ಒಂದು ಫೋನು.

"ಅಣ್ಣಾ, ಇವತ್ತು ಬೆಳಿಗ್ಗೆ ಲೆವೆಲ್ ಎಷ್ಟು?"

"ನೂರೇಳು ಪಾಯಿಂಟ್ ಎರಡು."

"ಬೋರ್ಡಲ್ಲಿ ನೂರೆರಡು ಪಾಯಿಂಟ್ ಏಳು ಅಂತ ಬಂದಿದೆಯಲ್ಲ?"

"ಅಯ್ಯೋ, ಅದು ಹಿಂದುಮುಂದಾಗಿದೆ ಸಾರ್, ತಡೀರಿ, ಸರಿ ಮಾಡ್ಸ್ತೀನಿ."

ಇಲ್ಲಿ ಒಂದು ಸೂಕ್ಷ್ಮ. ಒಳಹರಿವು ಎಂದು ನಾವು ಓದುವ ಅಂಕಿಯನ್ನು ಎಷ್ಟೋ ಕಡೆ ನೇರವಾಗಿ ಅಳೆದಿರುವುದಿಲ್ಲ. ನದಿ ನಾಲ್ಕಾರು ಕವಲಾಗಿ ಹಿನ್ನೀರಿಗೆ ಸೇರುತ್ತದೆ, ಎಲ್ಲ ಕಡೆ ಮಾಪಕ ಇರುವುದಿಲ್ಲ. ಆಗ ಮಟ್ಟದ ಏರಿಳಿತದಿಂದ ಸಂಗ್ರಹದ ವ್ಯತ್ಯಾಸ ತೆಗೆದು, ಹೊರಹರಿವನ್ನು ಕೂಡಿ, ಒಳಹರಿವು ಇಷ್ಟು ಎಂದು ಹಿಂದಿನಿಂದ ಲೆಕ್ಕ ಕಟ್ಟುತ್ತಾರೆ. ಹಾಗೆ ಕಟ್ಟಿದ ಒಳಹರಿವನ್ನು ಇಟ್ಟುಕೊಂಡು ಮಟ್ಟವನ್ನು ಪರೀಕ್ಷಿಸಿದರೆ ಲೆಕ್ಕ ಯಾವಾಗಲೂ ತಾಳೆಯಾಗುತ್ತದೆ, ಮಟ್ಟ ಎಷ್ಟೇ ತಪ್ಪಿದ್ದರೂ. ಹೊರಹರಿವು ಮಾತ್ರ ಸ್ವತಂತ್ರ ಸಾಕ್ಷಿ, ಏಕೆಂದರೆ ಅದು ಗೇಟು ಎಷ್ಟು ತೆರೆದಿದೆ ಎಂಬುದರಿಂದ ಬರುತ್ತದೆ. ಆದರೆ ಈ ಪದ್ಧತಿಯಿಂದಲೇ ಒಂದು ಉಪಕಾರವೂ ಇದೆ. 102.7ನ್ನು ನಂಬಿ ಒಳಹರಿವು ಕಟ್ಟಿದರೆ ಮೈನಸ್ 39,800 ಕ್ಯುಸೆಕ್ ಬರುತ್ತದೆ. ನದಿ ಜಲಾಶಯದಿಂದ ತಲಕಾವೇರಿಯ ಕಡೆಗೆ ಹಿಮ್ಮುಖವಾಗಿ ಹರಿದಂತಾಯಿತು! ಬೇಸಿಗೆಯಲ್ಲಿ ಆವಿಯಾಗುವುದರಿಂದಲೋ ಓದುವ ತಪ್ಪಿನಿಂದಲೋ ಒಳಹರಿವು ಸೊನ್ನೆಗಿಂತ ಸ್ವಲ್ಪ ಕೆಳಗೆ ಬರುವುದುಂಟು. ಹತ್ತಾರು ಸಾವಿರ ಮೈನಸ್ ಬಂದರೆ ಮಟ್ಟ ತಪ್ಪಿದೆ ಎಂದೇ ಅರ್ಥ.

ಫೋನು ಮಾಡದೆ ಬಿಟ್ಟರೆ ಏನಾಗುತ್ತದೆ ಎಂಬುದನ್ನೂ ನೋಡಿ. ಮರುದಿನ ಸರಿಯಾದ 108.4 ಬರುತ್ತದೆ. ತಪ್ಪು 102.7ರಿಂದ ನೋಡಿದರೆ ಒಂದೇ ದಿನಕ್ಕೆ 5.7 ಅಡಿ ಏರಿಕೆ, ಲೆಕ್ಕ ಕಟ್ಟಿದರೆ ಸುಮಾರು 69,000 ಕ್ಯುಸೆಕ್ ಒಳಹರಿವು. ನಿಜವಾದ ಒಳಹರಿವು 17,000 ಕ್ಯುಸೆಕ್ ಕೂಡ ಇರುವುದಿಲ್ಲ. ಮೊದಲ ದಿನದ ತಪ್ಪನ್ನು ಯಾರೂ ಗಮನಿಸದೆ ಎರಡನೆಯ ದಿನ "ಒಳಹರಿವು ದಿಢೀರ್ ಏರಿಕೆ, ನದಿ ಪಾತ್ರದ ಜನರಿಗೆ ಎಚ್ಚರಿಕೆ" ಎಂಬ ತಲೆಬರಹ ಹೊರಡುವುದು ಹೀಗೆ. ಒಂದು ತಪ್ಪಿಗೆ ಎರಡು ಗುರುತು ಬೀಳುತ್ತವೆ, ಎರಡನೆಯದು ಸರಿಯಾದ ಅಂಕಿಯ ಮೇಲೆ ಬೀಳುತ್ತದೆ. ಅದನ್ನು ಗುರುತಿಸುವ ಬಗೆಯೂ ಸುಲಭ. ಇಳಿದಷ್ಟೇ, ಮಾಮೂಲಿ ಏರಿಕೆ ಸೇರಿಸಿಕೊಂಡು, ಮರುದಿನ ಮೇಲೆದ್ದರೆ ನಡುವಿನ ದಿನದ ಅಂಕಿಯೇ ಕೆಟ್ಟದ್ದು. ಇಳಿದದ್ದು ಇಳಿದಲ್ಲೇ ಉಳಿದರೆ ಬೇರೇನೋ ನಡೆದಿದೆ.

ಆ "ಬೇರೇನೋ" ನಡೆದ ದಿನವೊಂದು ನಮಗೆಲ್ಲ ನೆನಪಿದೆ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಕ್ರಸ್ಟ್ ಗೇಟುಗಳಲ್ಲಿ 19ನೆಯದರ ಚೈನ್ ತುಂಡಾಗಿ ಗೇಟು ಕೊಚ್ಚಿಹೋಯಿತು. ಜಲಾಶಯ ಭರ್ತಿಯಾಗಿತ್ತು. ಆ ಒಂದು ಕಿಂಡಿಯ ಮೇಲಿನ ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ತೆರೆದರು, ಹೊರಹರಿವು ಲಕ್ಷ ಕ್ಯುಸೆಕ್ ಆಸುಪಾಸಿಗೆ ಹೋಯಿತು. ಲಕ್ಷ ಕ್ಯುಸೆಕ್ ಒಂದು ದಿನ ಹರಿದರೆ ನಮ್ಮ ಲೆಕ್ಕದಲ್ಲಿ 8.64 ಟಿಎಂಸಿ. ಸ್ಟಾಪ್ ಲಾಗ್ ಇಳಿಸಿ ಕಿಂಡಿ ಮುಚ್ಚುವ ಹೊತ್ತಿಗೆ ಸುಮಾರು ಒಂದು ವಾರ ಕಳೆದಿತ್ತು. ಏಳು ದಿನದ ಹೋಲಿಕೆಯ ಡ್ಯಾಶ್‌ಬೋರ್ಡು ಆ ಭಾನುವಾರ ಬೆಳಿಗ್ಗೆ ಹೊರಹರಿವಿನ ಮೇಲೆ ಗುರುತು ಹಾಕಲೇಬೇಕಿತ್ತು, ಹಾಕದಿದ್ದರೆ ಅದರ ಸೂತ್ರ ಕೆಟ್ಟಿದೆ ಎಂದರ್ಥ. ಆದರೆ ಅನುಮಾನಾಸ್ಪದವೆಂದು ಆ ಅಂಕಿಯನ್ನು ಮರೆಮಾಡಿ, ಜಾಗದಲ್ಲಿ ಹಿಂದಿನ ವಾರದ ಸರಾಸರಿಯನ್ನು ತುಂಬುವ ಡ್ಯಾಶ್‌ಬೋರ್ಡು ಏನು ಮಾಡುತ್ತಿತ್ತು? ಕೆಳಗಿನ ಊರುಗಳಿಗೆ ನೀರು ನುಗ್ಗುವ ಹೊತ್ತಿನಲ್ಲಿ ಎಲ್ಲ ಎಂದಿನಂತಿದೆ ಎಂದು ತೋರಿಸುತ್ತಿತ್ತು.

ಹೀಗಾಗಿ ನನ್ನ ಹಟ ಒಂದೇ. ಗುರುತು ಹಾಕಿ, ಅಂಕಿಯನ್ನು ಮುಟ್ಟಬೇಡಿ. ಇದಕ್ಕೆ ನೀರಿನಾಚೆಗಿನ ಒಂದು ಪ್ರಸಂಗ ನೆನಪಾಗುತ್ತದೆ. ಅಂಟಾರ್ಕ್ಟಿಕಾದ ಓಝೋನ್ ರಂಧ್ರದ ಸುದ್ದಿ ಜಗತ್ತಿಗೆ ತಿಳಿದದ್ದು 1985ರ ಮೇ ತಿಂಗಳಲ್ಲಿ, ನೇಚರ್ ಪತ್ರಿಕೆಯಲ್ಲಿ ಫಾರ್ಮನ್, ಗಾರ್ಡಿನರ್ ಮತ್ತು ಶಾಂಕ್ಲಿನ್ ಎಂಬ ಮೂವರು ಬ್ರಿಟಿಷ್ ವಿಜ್ಞಾನಿಗಳು ನೆಲದ ಉಪಕರಣದಿಂದ ಅಳೆದು ಬರೆದಾಗ. ನಾಸಾದ ನಿಂಬಸ್-7 ಉಪಗ್ರಹ ಅದೇ ಆಕಾಶವನ್ನು ವರ್ಷಗಟ್ಟಲೆ ನೋಡುತ್ತಿತ್ತು. ಅದರ ತಂತ್ರಾಂಶ ಆ ಕಡಿಮೆ ಅಂಕಿಗಳನ್ನು ಕಸವೆಂದು ಎಸೆದುಬಿಟ್ಟಿತ್ತು ಎಂಬ ಕಥೆ ಬಹಳ ಪ್ರಸಿದ್ಧ. ನಡೆದದ್ದು ಹಾಗಲ್ಲ. 180 ಡಾಬ್ಸನ್ ಘಟಕಕ್ಕಿಂತ ಕಡಿಮೆಯಾದ ಅಳತೆಗಳಿಗೆ ಅದು ಅನುಮಾನದ ಗುರುತು ಹಾಕಿ ಇಟ್ಟಿತ್ತು. ಅಂಕಿಗಳು ಉಳಿದಿದ್ದವು. ಆದ್ದರಿಂದಲೇ ಅವುಗಳನ್ನು ಹೊರತೆಗೆದು ರಂಧ್ರದ ಪೂರ್ತಿ ಹರವನ್ನು ನಕ್ಷೆಯಾಗಿ ತೋರಿಸಲು ಸಾಧ್ಯವಾಯಿತು.

ಒಂದೇ ಗುರುತು ಬಿದ್ದಾಗ ಜಲಾಶಯವನ್ನು ಅನುಮಾನಿಸಬೇಕು. ಒಂದೇ ಬೆಳಿಗ್ಗೆ ಎಲ್ಲ ಸಾಲಿನಲ್ಲೂ ಗುರುತು ಬಿದ್ದರೆ ನೀರಿನ ಕಡೆ ನೋಡುವ ಅಗತ್ಯವೇ ಇಲ್ಲ, ಅಂಕಿ ತರುವ ದಾರಿ ಕೆಟ್ಟಿದೆ. ಮೂಲದ ಪಟ್ಟಿಯಲ್ಲಿ ಯಾರೋ ಒಂದು ಸಾಲು ಸೇರಿಸಿದ್ದಾರೆ, ಹಾರಂಗಿಯ ಅಂಕಿ ಹೇಮಾವತಿಗೆ ಬಂದು ಕೂತಿದೆ. ಹಾರಂಗಿಯ ಗರಿಷ್ಠ ಮಟ್ಟ 2,859 ಅಡಿ, ಹೇಮಾವತಿಯದು 2,922. ಹೊರಗಿನವರ ಕಣ್ಣಿಗೆ ಎರಡೂ ಒಂದೇ ಜಾತಿಯ ಅಂಕಿಗಳು. ಕೆಆರ್‌ಎಸ್ಸಿಗೆ ಹೋದರೆ 124.80 ಅಡಿ, ಅದು ಸಮುದ್ರ ಮಟ್ಟದಿಂದ ಎಣಿಸಿದ್ದಲ್ಲ. ಆಲಮಟ್ಟಿ 519.60, ಅದು ಮೀಟರು. ತುಂಗಭದ್ರಾ 1,633 ಅಡಿ, ಮೀಟರಿನಲ್ಲಿ ಬರೆದರೆ 497.74. ಒಂದೇ ಪಟ್ಟಿಯಲ್ಲಿ ಇಷ್ಟು ಬಗೆ ಇರುವಾಗ ಎಲ್ಲ ಸಾಲಿಗೂ "ಇಷ್ಟು ಅಡಿ ಜಿಗಿದರೆ ಗುರುತು" ಎಂಬ ಒಂದೇ ಮಿತಿ ಇಡುವಂತಿಲ್ಲ. ಪ್ರತಿ ಸಾಲಿಗೂ ಅದರದೇ ಇತ್ತೀಚಿನ ನಡೆಯಿಂದ ಅಳತೆ ಕಟ್ಟಬೇಕು. ಹರಿವಿನ ಕಂಬಗಳಿಗಂತೂ ವ್ಯತ್ಯಾಸವೂ ಸಾಲದು. ಜೂನ್ ಮೊದಲ ವಾರ 500 ಕ್ಯುಸೆಕ್ ಇದ್ದದ್ದು 1,500 ಆದರೆ ಅದು ಸುದ್ದಿ. ಆಗಸ್ಟಿನಲ್ಲಿ 40,000 ಇದ್ದದ್ದು 41,000 ಆದರೆ ಏನೂ ಅಲ್ಲ. ಅಲ್ಲಿ ಎಷ್ಟು ಹೆಚ್ಚಿತು ಎನ್ನುವುದಕ್ಕಿಂತ ಎಷ್ಟು ಪಟ್ಟಾಯಿತು ಎಂದು ಕೇಳುವುದು ಸರಿ.

ಮಿತಿ ಏಕೆ ನಾಲ್ಕು ಪಟ್ಟು, ಮೂರೇಕಲ್ಲ ಎಂದು ಕೇಳಬಹುದು. ರಾಜ್ಯದ 14 ಪ್ರಮುಖ ಜಲಾಶಯಗಳಿಗೆ ತಲಾ ನಾಲ್ಕು ಅಂಕಿ ಎಂದರೆ ದಿನಕ್ಕೆ 56, ವರ್ಷಕ್ಕೆ 20,440 ಹೋಲಿಕೆ. ಅಂಕಿಗಳು ಅತ್ಯಂತ ಸಾಧುವಾಗಿ ನಡೆದುಕೊಂಡರೂ, ಅಳತೆಗೋಲು ಪಕ್ಕಾ ಇದ್ದರೂ, ಮೂರರ ಗಡಿಯನ್ನು ಸಾವಿರಕ್ಕೆ 2.7ರಷ್ಟು ಸುಮ್ಮನೆ ದಾಟುತ್ತವೆ. ಅಂದರೆ ವರ್ಷಕ್ಕೆ ಐವತ್ತೈದರಷ್ಟು ಹುಸಿ ಗುರುತು, ವಾರಕ್ಕೊಂದು. ಮಳೆ ಸಾಧುವಲ್ಲ, ಏಳೇ ದಿನಗಳಿಂದ ಕಟ್ಟಿದ ಕೋಲೂ ಪಕ್ಕಾ ಅಲ್ಲ. ಆದ್ದರಿಂದ ನಿಜದಲ್ಲಿ ಅದಕ್ಕಿಂತ ಹೆಚ್ಚೇ ಬೀಳುತ್ತವೆ. ನಾಲ್ಕು ಎಂಬುದೇನೂ ವೇದವಾಕ್ಯವಲ್ಲ. ಹಿಂದಿನ ಎರಡು ಮೂರು ವರ್ಷದ ಅಂಕಿಗಳ ಮೇಲೆ ಸೂತ್ರವನ್ನು ಓಡಿಸಿ, ಬಿದ್ದ ಗುರುತುಗಳನ್ನು ಒಂದೊಂದಾಗಿ ನೋಡಿ, ಫೋನು ಮಾಡುವವರು ಬೇಸರಪಡದಷ್ಟಕ್ಕೆ ನಿಲ್ಲಿಸಬೇಕು. ಮುಂಗಾರಿನ ಮೊದಲ ನೀರು ಬಂದ ದಿನ ಎಲ್ಲ ಜಲಾಶಯಕ್ಕೂ ಗುರುತು ಬೀಳುತ್ತದೆ. ಬೀಳಲಿ, ಅವತ್ತು ಎಲ್ಲರೂ ಹೇಗೂ ಫೋನು ಮಾಡುತ್ತಿರುತ್ತಾರೆ.

ಗುರುತಿನ ರೂಪದ ಬಗ್ಗೆ ಎರಡು ಮಾತು. ಬರೀ ಕೆಂಪು ಬಣ್ಣ ಸಾಲದು. ಬಣ್ಣ ಕಾಣದವರಿದ್ದಾರೆ, ಕಪ್ಪು ಬಿಳುಪು ಮುದ್ರಣ ತೆಗೆಯುವವರಿದ್ದಾರೆ. ಅಂಕಿಯ ಕೆಳಗೇ ಕಾರಣ ಬರೆದಿರಬೇಕು: "3.7 ಅಡಿ ಇಳಿಕೆ, ಕಳೆದ ವಾರ ದಿನಕ್ಕೆ 1.2 ಅಡಿ ಏರುತ್ತಿತ್ತು." ಇಷ್ಟು ಓದಿದರೆ ಪ್ರವಾಹದ ಲೆಕ್ಕ ಗೊತ್ತಿಲ್ಲದ ರೈತನಿಗೂ ಏನೋ ಹೆಚ್ಚುಕಡಿಮೆಯಾಗಿದೆ ಎಂದು ತಿಳಿಯುತ್ತದೆ. ವಿಚಾರಿಸಿದ ಮೇಲೆ ಯಾರು ವಿಚಾರಿಸಿದರು, ಏನು ಉತ್ತರ ಬಂತು ಎಂಬ ಒಂದು ಸಾಲು ಅದೇ ಜಾಗದಲ್ಲಿ ಸೇರಬೇಕು. ಮೂಲದಲ್ಲಿ ತಿದ್ದಿದರೆ ತಿದ್ದಿದ ಅಂಕಿಯ ಜತೆ ಮೊದಲು ಬಂದದ್ದೂ ದಾಖಲೆಯಲ್ಲಿ ಉಳಿಯಬೇಕು.

ಈ ಟಿಪ್ಪಣಿ ಎಷ್ಟು ಮುಖ್ಯ ಎಂಬುದಕ್ಕೆ ತುಂಗಭದ್ರೆಯೇ ಸಾಕ್ಷಿ. ಕಟ್ಟಿದಾಗ ಸುಮಾರು 133 ಟಿಎಂಸಿ ಹಿಡಿಯುತ್ತಿದ್ದ ಜಲಾಶಯ ಹೂಳು ತುಂಬಿ ಈಗ 105.788 ಟಿಎಂಸಿಗೆ ಬಂದಿದೆ. ಹೂಳು ತುಂಬುವುದು ದಶಕಗಳಲ್ಲಿ, ಆದರೆ ಪುಸ್ತಕದಲ್ಲಿ ಇಳಿಯುವುದು ಒಂದೇ ದಿನ. ಹೊಸ ಸಮೀಕ್ಷೆ ನಡೆದು, ಯಾವ ಮಟ್ಟಕ್ಕೆ ಎಷ್ಟು ಟಿಎಂಸಿ ಎಂಬ ಕೋಷ್ಟಕ ಬದಲಾದ ದಿನ ಸಂಗ್ರಹದ ಅಂಕಿ ಜಿಗಿಯುತ್ತದೆ. ಮಟ್ಟ ಇದ್ದಲ್ಲೇ ಇರುತ್ತದೆ, ಗೇಟಿನಿಂದ ಹೆಚ್ಚಿನ ನೀರೂ ಹೋಗಿರುವುದಿಲ್ಲ. ಮಟ್ಟ ಅಲುಗದೆ ಸಂಗ್ರಹ ಮಾತ್ರ ಜಿಗಿದರೆ ಕೋಷ್ಟಕವನ್ನು ಕೇಳಿ. ಅದು ತಪ್ಪೂ ಅಲ್ಲ, ನೀರಿನ ಘಟನೆಯೂ ಅಲ್ಲ. ಆ ದಿನಾಂಕದ ಪಕ್ಕದಲ್ಲಿ ಟಿಪ್ಪಣಿ ಇಲ್ಲದಿದ್ದರೆ ಹತ್ತು ವರ್ಷದ ಮೇಲೆ ನಕ್ಷೆ ನೋಡುವವರು ಅವತ್ತು ಅಣೆಕಟ್ಟೆ ಒಡೆದಿತ್ತೇ ಎಂದು ಹುಡುಕುತ್ತಾರೆ.

ಕೊನೆಗೆ ಈ ಉಪಾಯಕ್ಕೆ ಮೀರಿದ್ದನ್ನೂ ಹೇಳಬೇಕು. ಮಟ್ಟ ಅಳೆಯುವ ಸಂವೇದಕ ದಿನಕ್ಕೆ ಅರ್ಧ ಅಂಗುಲದಂತೆ ನಿಧಾನವಾಗಿ ದಾರಿ ತಪ್ಪಿದರೆ ಯಾವ ಹೋಲಿಕೆಯೂ ಅದನ್ನು ಹಿಡಿಯುವುದಿಲ್ಲ. ನಿನ್ನೆಗೂ ಇವತ್ತಿಗೂ ವ್ಯತ್ಯಾಸ ಅಲ್ಪ, ಸರಾಸರಿಯೂ ಅದರ ಜತೆಗೇ ಜಾರುತ್ತಾ ಹೋಗುತ್ತದೆ. ತಿಂಗಳು ಕಳೆಯುವ ಹೊತ್ತಿಗೆ ಒಂದೂಕಾಲು ಅಡಿ ಸುಳ್ಳು ಕೂಡಿರುತ್ತದೆ, ಪರದೆಯ ಮೇಲೆ ಒಂದೂ ಗುರುತಿರುವುದಿಲ್ಲ. ಅದಕ್ಕೆ ಹದಿನೈದು ದಿನಕ್ಕೋ ತಿಂಗಳಿಗೋ ಒಮ್ಮೆ ಯಾರಾದರೂ ಅಣೆಕಟ್ಟೆಯ ಗೋಡೆಗೆ ಬರೆದ ಅಡಿಪಟ್ಟಿಯ ಬಳಿ ಹೋಗಿ ನಿಂತು, ಕಣ್ಣಿನಿಂದ ಓದಿ, ಸಂವೇದಕದ ಅಂಕಿಯ ಪಕ್ಕದಲ್ಲಿ ಬರೆದಿಡಬೇಕು.